ಐದನೇ ಸಾಲಿನಲ್ಲಿ 214 ಇತ್ತು, ತಪ್ಪು ಅಲ್ಲಿರಲಿಲ್ಲ: ಪಿಂಗ್ ಮತ್ತು ಟ್ರೇಸ್‌ರೂಟ್ ಓದುವ ಬಗೆ

ನಾನು ಬಾಗಲಕೋಟೆಯ ನವನಗರದಲ್ಲಿ ಕೂತು ಪುಣೆಯ ಆಫೀಸಿನ ಕೆಲಸ ಮಾಡುತ್ತೇನೆ. ಬೆಳಗ್ಗೆ ಎಲ್ಲ ಸರಿ ಇರುತ್ತಿತ್ತು. ರಾತ್ರಿ ಎಂಟರ ಮೇಲೆ ಮೀಟಿಂಗ್‌ಗೆ ಕೂತರೆ ಮಾತ್ರ ದನಿ ಕಡಿದು ಕಡಿದು ಬರೋದು, ನಾನು ಹೇಳಿದ್ದು ಅವರಿಗೆ ಮುಟ್ಟುವಷ್ಟರಲ್ಲಿ ಅವರು ಬೇರೆ ಮಾತು ಶುರು ಮಾಡಿರೋದು. ಸ್ಪೀಡ್ ಟೆಸ್ಟ್ ಮಾಡಿದರೆ 94 ಎಂಬಿಪಿಎಸ್ ತೋರಿಸುತ್ತಿತ್ತು. ಲೈನ್ ಕೊಟ್ಟವರು ಅದನ್ನೇ ನೋಡಿ "ಸ್ಪೀಡ್ ಬರ್ತಾ ಐತಲ್ರೀ" ಅನ್ನುತ್ತಿದ್ದರು. ಬರುತ್ತಿತ್ತು, ಸುಳ್ಳಲ್ಲ. ಆದರೆ ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ ನಿಮಗೆ ಹತ್ತಿರದ ಸರ್ವರ್ ಹುಡುಕಿಕೊಳ್ಳುತ್ತದೆ, ಎಷ್ಟೋ ಸಲ ಅದು ಲೈನ್ ಕೊಟ್ಟವರ ಜಾಲದೊಳಗೇ ಇರುತ್ತದೆ. ನನ್ನ ಮೀಟಿಂಗ್ ಹೋಗುವ ದಾರಿ ಬೇರೆ.

ಆಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ದಾರಿಯ ಒಂದೊಂದು ರೌಟರಿಗೂ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಅಂತ ಸಾಲು ಸಾಲಾಗಿ ತೋರಿಸುವ ಟ್ರೇಸ್‌ರೂಟನ್ನು ಒಂದು ಸಲ ಓಡಿಸಿದೆ, ಐದನೇ ಸಾಲಿನಲ್ಲಿ 214 ಕಂಡಿತು, ಅದಕ್ಕೆ ಕೆಂಪು ಗೆರೆ ಎಳೆದು ಫೋಟೋ ಕಳಿಸಿದೆ. ಮರುದಿನ ಬಂದ ಲೈನ್‌ಮನ್ ಹುಡುಗ ಅದನ್ನು ನೋಡಿ ನಕ್ಕ. "ಸರ, ಐದನೇ ಸಾಲ ಬಿಡ್ರಿ, ಕಡೀ ಸಾಲ ನೋಡ್ರಿ. ನಡುವ ಎರಡನೂರು ಆಗಿದ್ರ ಕಡೀಕ ಇಪ್ಪತ್ನಾಕು ಹೆಂಗ ಬರತೈತಿ?" ಅಂದ. ನನಗೆ ಉತ್ತರ ಇರಲಿಲ್ಲ. ಈ ಬರಹ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಎರಡೂ ಏನು ಅಳೆಯುತ್ತವೆ

ಪಿಂಗ್ ಅಂದರೆ ಗೋಳಗುಮ್ಮಟದಲ್ಲಿ ನಿಂತು ಚಪ್ಪಾಳೆ ತಟ್ಟಿದ ಹಾಗೆ. ಸದ್ದು ಹೋಗಿ ತಿರುಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಮಾತ್ರ ಗೊತ್ತಾಗುತ್ತದೆ. ಹೋಗುವಾಗ ಎಷ್ಟು, ಬರುವಾಗ ಎಷ್ಟು ಅಂತ ಬಿಡಿಸಿ ಹೇಳುವುದಿಲ್ಲ. ಇದನ್ನು ನೆನಪಿಡಿ, ಕೊನೆಗೆ ಇದೇ ಕೆಲಸಕ್ಕೆ ಬರುತ್ತದೆ.

ಟ್ರೇಸ್‌ರೂಟ್ ಸ್ವಲ್ಪ ಚಾಲಾಕಿ. ನೆಟ್‌ನಲ್ಲಿ ಡೇಟಾ ಹೋಗುವುದು ಪ್ಯಾಕೆಟ್ ಅನ್ನೋ ಸಣ್ಣ ತುಣುಕುಗಳಲ್ಲಿ. ಪ್ರತಿ ಪ್ಯಾಕೆಟ್ಟಿನ ತಲೆಯ ಮೇಲೆ ಟಿಟಿಎಲ್ ಅನ್ನೋ ಒಂದು ಸಂಖ್ಯೆ ಇರುತ್ತದೆ. ದಾರಿಯ ಪ್ರತಿ ರೌಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ. ಸೊನ್ನೆ ಆಯ್ತು ಅಂದರೆ ಆ ರೌಟರ್ ಪ್ಯಾಕೆಟ್ಟನ್ನು ಅಲ್ಲೇ ಬಿಸಾಕಿ, "ಇದರ ಆಯಸ್ಸು ಮುಗಿಯಿತು" ಅಂತ ಕಳಿಸಿದವರಿಗೆ ಒಂದು ಚೀಟಿ ಬರೆಯುತ್ತದೆ. ಆ ಚೀಟಿಯ ಮೇಲೆ ರೌಟರಿನ ವಿಳಾಸ ಇರುತ್ತದೆ. ಟ್ರೇಸ್‌ರೂಟ್ ಮೊದಲು ಒಂದು, ಆಮೇಲೆ ಎರಡು, ಆಮೇಲೆ ಮೂರು ಅಂತ ಇಟ್ಟು ಕಳಿಸುತ್ತಾ ಹೋಗುತ್ತದೆ. ವಿಜಯಪುರದಿಂದ ಹುಬ್ಬಳ್ಳಿಗೆ ಹೊರಟ ಹುಡುಗನಿಗೆ ಮೊದಲ ಸಲ ಕೊಲ್ಹಾರದಿಂದ ತಿರುಗಿ ಬಾ, ಎರಡನೇ ಸಲ ಬೀಳಗಿ ಕ್ರಾಸಿನಿಂದ ಬಾ, ಮೂರನೇ ಸಲ ಗದ್ದನಕೇರಿ ಕ್ರಾಸಿನಿಂದ ಬಾ ಅಂತ ಹೇಳಿ ಗಡಿಯಾರ ಹಿಡಿದು ಕೂತ ಹಾಗೆ. ಅಂದರೆ ಪ್ರತಿ ಸಾಲೂ ಬೇರೆ ಬೇರೆ ಪ್ರಯಾಣ. ಸಾಲು ನಾಲ್ಕರ ಸಂಖ್ಯೆಯಿಂದ ಸಾಲು ಮೂರರದ್ದನ್ನು ಕಳೆದರೆ ನಡುವಿನ ದಾರಿಯ ತಡ ಸಿಕ್ಕೇಬಿಡ್ತು ಅಂದುಕೊಳ್ಳೋದು ಸುಲಭ, ಯಾವಾಗಲೂ ಸರಿಯಲ್ಲ.

ಪಿಂಗನ್ನು 1983ರ ಡಿಸೆಂಬರಿನಲ್ಲಿ ಮೈಕ್ ಮುಸ್ ಬರೆದರು, ಟ್ರೇಸ್‌ರೂಟನ್ನು 1987ರಲ್ಲಿ ವ್ಯಾನ್ ಜೇಕಬ್ಸನ್. ಇಷ್ಟು ಹಳೆಯ ಸಾಮಾನು ಇವತ್ತಿಗೂ ವಿಂಡೋಸ್, ಮ್ಯಾಕ್‌ನಲ್ಲಿ ಜೊತೆಗೇ ಬರುತ್ತದೆ. ಕೆಲವು ಲಿನಕ್ಸುಗಳಲ್ಲಿ ಮಾತ್ರ ಟ್ರೇಸ್‌ರೂಟನ್ನು ಹಾಕಿಕೊಳ್ಳಬೇಕಾಗಬಹುದು.

ಮೊದಲು ಯಾರ ಕಡೆ ಅಳೆಯಬೇಕು

ಸುಮ್ನೆ ಗೂಗಲ್‌ನ 8.8.8.8 ವಿಳಾಸಕ್ಕೆ ಪಿಂಗ್ ಹೊಡೆದು "12 ಬರುತ್ತೆ, ನೆಟ್ ಚೆನ್ನಾಗಿದೆ" ಅನ್ನುವವರು ಜಾಸ್ತಿ. ಅದರಿಂದ 8.8.8.8ಗೆ ಹೋಗುವ ದಾರಿ ಚೆನ್ನಾಗಿದೆ ಅಂತ ಮಾತ್ರ ತಿಳಿಯಿತು. ತೊಂದರೆ ಎಲ್ಲಿಗೆ ಹೋಗುವಾಗ ಆಗುತ್ತಿದೆಯೋ ಅದೇ ವಿಳಾಸಕ್ಕೆ ಅಳೆಯಬೇಕು. ನನ್ನ ಕೆಲಸವೆಲ್ಲ ಆಫೀಸಿನ ವಿಪಿಎನ್ ಮೂಲಕ ಹೋಗುತ್ತದೆ, ಆ ಸರ್ವರ್ ಮುಂಬೈನಲ್ಲಿದೆ. ವಿಳಾಸವನ್ನು ಆಫೀಸಿನವರನ್ನೇ ಕೇಳಿ ತೆಗೆದುಕೊಂಡೆ. ಇನ್ನೊಂದು ಮಾತು: ವಿಪಿಎನ್ ಹಚ್ಚಿಕೊಂಡು ಅದರ ಒಳಗಿನ ವಿಳಾಸಕ್ಕೆ ಟ್ರೇಸ್ ಮಾಡಿದರೆ ನಡುವಿನ ದಾರಿಯೆಲ್ಲ ಮುಚ್ಚಿಹೋಗಿ ಒಂದೇ ಜಿಗಿತದ ಹಾಗೆ ಕಾಣುತ್ತದೆ. ವಿಪಿಎನ್ ತೆಗೆದು, ಸರ್ವರಿನ ಹೊರಗಿನ ವಿಳಾಸಕ್ಕೆ ಅಳೆಯಿರಿ.

ವಿಂಡೋಸಿನಲ್ಲಿ ಹೀಗೆ:

```
tracert -d 203.0.113.50
```

ಲಿನಕ್ಸ್, ಮ್ಯಾಕ್‌ನಲ್ಲಿ ಹೀಗೆ:

```
traceroute -n 203.0.113.50
```

ಆ `-d`, `-n` ಹಾಕುವುದು ವಿಳಾಸಗಳ ಹೆಸರು ಹುಡುಕುತ್ತಾ ಕೂರದಿರಲಿ ಅಂತ. ಇಲ್ಲಿ ಕೊಟ್ಟಿರುವ ಹೊರಗಿನ ವಿಳಾಸಗಳು ನಿಜವಾದವಲ್ಲ, ಉದಾಹರಣೆಗೆ ಅಂತಲೇ ಮೀಸಲಿಟ್ಟ ಸಂಖ್ಯೆಗಳನ್ನು ಹಾಕಿದ್ದೇನೆ. ಬೆಳಗ್ಗೆ ಏಳಕ್ಕೆ ನನಗೆ ಬಂದದ್ದು ಇದು:

```
 1     2 ms    1 ms    2 ms  192.168.1.1
 2     4 ms    4 ms    5 ms  100.70.0.1
 3     6 ms    5 ms    6 ms  10.20.4.1
 4    17 ms   18 ms   17 ms  198.51.100.9
 5   214 ms   43 ms  188 ms  198.51.100.34
 6     *       *       *     Request timed out.
 7    24 ms   25 ms   24 ms  203.0.113.50
```

ಒಂದನೇ ಸಾಲು ಮನೆಯ ರೌಟರ್. ಎರಡನೆಯದು 100.64ರಿಂದ 100.127ರ ಒಳಗೆ ಇದೆ. ಈ ವಿಳಾಸಗಳನ್ನು ಒಂದೇ ಹೊರ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸುವ ವ್ಯವಸ್ಥೆಗೆ ಅಂತಲೇ ಇಟ್ಟಿದ್ದಾರೆ, ಅಂದರೆ ಅದು ಲೈನ್ ಕೊಟ್ಟವರ ಕಡೆಯದು. ಮೂರನೆಯದೂ ಅವರದ್ದೇ, ಊರೊಳಗಿನದು ಅಂತ ಆಮೇಲೆ ಗೊತ್ತಾಯಿತು. ನಾಲ್ಕರಿಂದ ಮುಂದೆ ಹೊರಗಿನ ದೊಡ್ಡ ಜಾಲ. ಏಳು ನನಗೆ ಬೇಕಾದ ಸರ್ವರ್.

214 ಯಾಕೆ ಸುಳ್ಳು

ರೌಟರಿನ ನಿಜವಾದ ಕೆಲಸ ಪ್ಯಾಕೆಟ್ಟುಗಳನ್ನು ಮುಂದೆ ದಾಟಿಸುವುದು. ದೊಡ್ಡ ರೌಟರುಗಳಲ್ಲಿ ಅದಕ್ಕೆಂದೇ ಬೇರೆ ಚಿಪ್ ಇರುತ್ತದೆ, ಅದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಲಕ್ಷಗಟ್ಟಲೆ ಪ್ಯಾಕೆಟ್ ದಾಟಿಸುತ್ತದೆ. ಆದರೆ "ಆಯಸ್ಸು ಮುಗಿಯಿತು" ಅನ್ನೋ ಚೀಟಿ ಬರೆಯುವ ಕೆಲಸ ಬಹಳಷ್ಟು ಸಲ ಆ ಚಿಪ್ಪಿಗೆ ಸೇರಿದ್ದಲ್ಲ. ಅದು ರೌಟರಿನ ಸಣ್ಣ ಸಿಪಿಯುಗೆ ಹೋಗುತ್ತದೆ, ಅಲ್ಲಿ ಬೇರೆ ಮುಖ್ಯ ಕೆಲಸಗಳ ಹಿಂದೆ ಸಾಲಿನಲ್ಲಿ ನಿಲ್ಲುತ್ತದೆ. ಸೆಕೆಂಡಿಗೆ ಇಷ್ಟೇ ಚೀಟಿ ಬರೆಯಬೇಕು ಅಂತ ಮಿತಿಯನ್ನೂ ಹಾಕಿರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಬಸ್ಸುಗಳು ಸರಸರ ಹೋಗುತ್ತಿರುತ್ತವೆ, ವಿಚಾರಣೆ ಕಿಟಕಿಯಲ್ಲಿ ಮಾತ್ರ ಹತ್ತು ನಿಮಿಷ ನಿಲ್ಲಬೇಕು, ಹಾಗೆ. ಕಿಟಕಿಯಲ್ಲಿ ತಡವಾಯಿತು ಅಂತ ಬಸ್ಸು ತಡವಾಯಿತು ಅನ್ನೋಕೆ ಆಗಲ್ಲ.

ನನ್ನ ಏಳನೇ ಸಾಲಿನ ಪ್ಯಾಕೆಟ್ ಅದೇ ಐದನೇ ರೌಟರನ್ನು ದಾಟಿಕೊಂಡೇ ಹೋಗಿದೆ. ಹೋಗಿ ಬಂದದ್ದು 24ರಲ್ಲಿ. ಐದರಲ್ಲಿ ನಿಜವಾಗಿ 190 ಮಿಲಿಸೆಕೆಂಡ್ ಕಾಯಬೇಕಿದ್ದರೆ ಏಳನೆಯದೂ 200ರ ಮೇಲೆ ಬರಬೇಕಿತ್ತು. ಹುಡುಗ ಕೇಳಿದ ಪ್ರಶ್ನೆ ಇದೇ. ಹಾಗಾಗಿ ನಾನೀಗ ಟ್ರೇಸನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ. ಕೊನೆಯ ಸಾಲಿನಲ್ಲಿ ತಡ ಇಲ್ಲವಾದರೆ ನಡುವೆ ಏನೇ ಇದ್ದರೂ ಕೈಬಿಡುತ್ತೇನೆ. ಕೊನೆಯ ಸಾಲಿನಲ್ಲಿ ತಡ ಇದ್ದರೆ, ಆ ತಡ ಮೇಲಕ್ಕೆ ಎಲ್ಲಿಯವರೆಗೆ ಬಿಡದೆ ಕಾಣುತ್ತದೆ ಅಂತ ಹುಡುಕುತ್ತೇನೆ.

ಆರನೇ ಸಾಲಿನ ನಕ್ಷತ್ರಗಳದ್ದೂ ಇದೇ ಕಥೆ. ಆ ರೌಟರ್ ಚೀಟಿ ಬರೆಯುವುದೇ ಇಲ್ಲ, ಅಥವಾ ಬರೆದದ್ದನ್ನು ನಡುವೆ ಯಾರೋ ತಡೆದಿದ್ದಾರೆ. ಏಳನೆಯದು ಉತ್ತರಿಸಿದೆ ಅಂದಮೇಲೆ ದಾರಿ ತುಂಡಾಗಿಲ್ಲ. ನಕ್ಷತ್ರಗಳು ಕೊನೆಯವರೆಗೂ ಹಾಗೇ ಹೋದರೆ ಮಾತು ಬೇರೆ. ಆಗಲೂ ತಕ್ಷಣ ಸರ್ವರ್ ಸತ್ತಿದೆ ಅನ್ನಬೇಡಿ, ಎಷ್ಟೋ ಸರ್ವರುಗಳು ಪಿಂಗಿಗೆ ಉತ್ತರ ಕೊಡದ ಹಾಗೆ ಕಟ್ಟಿಟ್ಟಿರುತ್ತಾರೆ. ಲಿನಕ್ಸ್ ಇದ್ದರೆ `sudo traceroute -n -T -p 443` ಹಾಕಿ ವಿಳಾಸ ಕೊಟ್ಟು ನೋಡಿ, ವೆಬ್‌ಸೈಟುಗಳ ಬಾಗಿಲಿಗೇ ಹೋಗಿ ತಟ್ಟುತ್ತದೆ.

ಸಂಜೆಯ ಟ್ರೇಸ್‌ಗೂ ಮುಂಚೆ: ಮನೆಯೊಳಗಿನ ಕಳ್ಳ

ರಾತ್ರಿ ಎಂಟೂವರೆಗೆ ಮೊದಲ ಸಲ ಸರಿಯಾಗಿ ಕೂತು ಅಳೆದಾಗ ನನಗೆ ಕಂಡದ್ದೇ ಬೇರೆ. ಒಂದನೇ ಸಾಲು 2. ಎರಡನೇ ಸಾಲೇ 380. ಅಲ್ಲಿಂದ ಕೆಳಗೆ ಎಲ್ಲವೂ 380, 400. ಏರಿದ ತಡ ಕೊನೆಯವರೆಗೂ ಉಳಿದಿದೆ, ಅಂದರೆ ಇದು ನಿಜವಾದ ತಡ. ಎರಡನೆಯದು ಲೈನ್ ಕೊಟ್ಟವರದ್ದು, ಸಿಕ್ಕಿಬಿದ್ದರು ಅಂತ ಫೋನ್ ಎತ್ತಿದೆ. ಅಷ್ಟರಲ್ಲಿ ಅದು 9ಕ್ಕೆ ಇಳಿಯಿತು, ಎರಡು ನಿಮಿಷಕ್ಕೆ ಮತ್ತೆ 400.

ನನ್ನ ತಂಗಿ ಇಳಕಲ್ ಸೀರೆ ಮಾರುತ್ತಾಳೆ. ದಿನಾ ರಾತ್ರಿ ಊಟಕ್ಕೆ ಮುಂಚೆ ಸೀರೆಗಳ ವಿಡಿಯೋ ಮೇಲೇರಿಸುತ್ತಾಳೆ. "ಒಂದೈದು ನಿಮಿಷ ನಿಲ್ಲಿಸವಾ" ಅಂದೆ. ನಿಲ್ಲಿಸಿದಳು, ಎರಡನೇ ಸಾಲು 5ಕ್ಕೆ ಬಂತು. ಮತ್ತೆ ಶುರು ಮಾಡಿಸಿದೆ, ಮತ್ತೆ 390. ಮೂರು ಸಲ ಮಾಡಿಸಿದೆ, ಅವಳಿಗೆ ಸಿಟ್ಟು ಬಂತು.

ಆಗುವುದು ಇಷ್ಟು. ನಮ್ಮ ಲೈನಿನಲ್ಲಿ ಮೇಲೇರಿಸುವ ವೇಗ 10 ಎಂಬಿಪಿಎಸ್. ಫೋನು ರೌಟರಿಗೆ ಅದಕ್ಕಿಂತ ಬಹಳ ವೇಗವಾಗಿ ತುಂಬುತ್ತದೆ. ರೌಟರ್ ಉಳಿದದ್ದನ್ನು ತನ್ನ ಮೆಮೊರಿಯಲ್ಲಿ ಸಾಲು ನಿಲ್ಲಿಸುತ್ತದೆ. ಆ ಸಾಲಿನಲ್ಲಿ 500 ಕಿಲೋಬೈಟ್ ನಿಂತಿದೆ ಅನ್ನಿ, ಅಂದರೆ 40 ಲಕ್ಷ ಬಿಟ್. ಸೆಕೆಂಡಿಗೆ ಒಂದು ಕೋಟಿ ಬಿಟ್ ಹೋಗುವ ಬಾಗಿಲಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ನನ್ನ ಪುಟ್ಟ ಪಿಂಗ್ ಪ್ಯಾಕೆಟ್ ಆ ಸೀರೆ ವಿಡಿಯೋದ ಹಿಂದೆ 400 ಮಿಲಿಸೆಕೆಂಡ್ ನಿಲ್ಲಬೇಕು. ಟ್ರೇಸಿನ ಒಂದನೇ ಸಾಲು ಚೆನ್ನಾಗಿ ಕಂಡದ್ದು ಯಾಕೆ ಅಂದರೆ ಪ್ಯಾಕೆಟ್ಟುಗಳ ಸರತಿ ಇರುವುದು ರೌಟರಿನಿಂದ ಹೊರಗೆ ಹೋಗುವ ಬಾಗಿಲಲ್ಲಿ. ರೌಟರ್ ತಾನೇ ನನಗೆ ಉತ್ತರ ಕೊಡುವಾಗ ಆ ಬಾಗಿಲಿಗೆ ಹೋಗುವುದೇ ಇಲ್ಲ. ಹಾಗಾಗಿ ತಪ್ಪು ನಮ್ಮ ಮನೆಯಲ್ಲೇ ಇದ್ದರೂ ಟ್ರೇಸಿನಲ್ಲಿ ಎರಡನೇ ಸಾಲಿನ ಮೇಲೆ ಗೂಬೆ ಕೂರುತ್ತದೆ.

ವೈಫೈದು ಇನ್ನೊಂದು ಬಗೆ. ಅಲ್ಲಿ ಒಂದನೇ ಸಾಲೇ ಕುಣಿಯುತ್ತದೆ: 2, 3, 90, 4, 150. ಹಾಗೆ ಕಂಡರೆ ಮುಂದಿನ ಯಾವ ಸಾಲನ್ನೂ ಓದಬೇಡಿ, ಏಕೆಂದರೆ ಎಲ್ಲ ಸಾಲಿನೊಳಗೂ ಆ ಕುಣಿತ ಸೇರಿಕೊಂಡಿದೆ. ಕೇಬಲ್ ಹಾಕಿ ಅಳೆಯಿರಿ. ನಮ್ಮಲ್ಲಿ ಕಲ್ಲಿನ ಗೋಡೆಯ ಹಳೆ ಮನೆಗಳಲ್ಲಿ ಇದು ಮಾಮೂಲು.

ತಂಗಿಯ ಜೊತೆ ಒಪ್ಪಂದ ಆಯಿತು, ಮೀಟಿಂಗ್ ಮುಗಿದ ಮೇಲೆ ವಿಡಿಯೋ. ನಾನು ಕೇಬಲ್ ಹಾಕಿಕೊಂಡೆ. ಆಗಲೂ ದನಿ ಕಡಿಯುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಒಂದು ತಪ್ಪು ಸಿಕ್ಕಿತು ಅಂತ ಅಲ್ಲೇ ನಿಲ್ಲಿಸಿದ್ದರೆ ಎರಡನೆಯದು ಸಿಗುತ್ತಿರಲಿಲ್ಲ.

ಸಂಜೆಯ ನಿಜವಾದ ಟ್ರೇಸ್

```
 1     2 ms    3 ms    2 ms  192.168.1.1
 2     5 ms    4 ms    6 ms  100.70.0.1
 3     6 ms    7 ms    6 ms  10.20.4.1
 4    96 ms  131 ms   88 ms  198.51.100.9
 5   240 ms  119 ms  205 ms  198.51.100.34
 6     *       *       *     Request timed out.
 7   109 ms   94 ms  137 ms  203.0.113.50
```

ಈಗ ಕೆಳಗಿನಿಂದ ಓದಿ. ಏಳನೆಯದು ಬೆಳಗ್ಗೆ 24 ಇತ್ತು, ಈಗ 94ರಿಂದ 137. ತಡ ಇದೆ. ಆರು ಮೌನ. ಐದನೆಯದು ಯಾವಾಗಲೂ ಕುಣಿಯುವಂಥದ್ದು, ಅದರ ಮಾತು ಬೇಡ. ನಾಲ್ಕನೆಯದು 17 ಇದ್ದದ್ದು 100ರ ಆಸುಪಾಸು. ಮೂರನೆಯದು ಬೆಳಗ್ಗೆ ಎಷ್ಟೋ ಈಗಲೂ ಅಷ್ಟೇ. ನಾಲ್ಕರಲ್ಲಿ ಏರಿದ್ದು ಸುಮಾರು 85, ಏಳರಲ್ಲಿ ಏರಿದ್ದೂ ಹೆಚ್ಚುಕಮ್ಮಿ ಅಷ್ಟೇ. ಎರಡೂ ಏರಿಕೆ ಒಂದೇ ಅಳತೆಯವು ಅನ್ನುವುದೇ ಇಲ್ಲಿನ ಮುಖ್ಯ ಸುಳಿವು. ನಾಲ್ಕನೇ ರೌಟರ್ ಚೀಟಿ ಬರೆಯಲು ಮಾತ್ರ ತಡ ಮಾಡುತ್ತಿದ್ದರೆ ಏಳಕ್ಕೆ ಆ ಬಿಸಿ ತಟ್ಟುತ್ತಿರಲಿಲ್ಲ.

ಆದರೆ ಟ್ರೇಸ್ ಪ್ರತಿ ಸಾಲಿಗೆ ಮೂರೇ ಪ್ಯಾಕೆಟ್ ಕಳಿಸುತ್ತದೆ. ಮೂರರ ಮೇಲೆ ಪಂಚಾಯ್ತಿ ಮಾಡಬಾರದು. ಟ್ರೇಸ್ ಜಾಗ ತೋರಿಸಿತು, ಸಾಕ್ಷಿಗೆ ಪಿಂಗ್ ಬೇಕು. ಅನುಮಾನದ ಜಾಗದ ಈಚೆಗೊಂದು, ಆಚೆಗೊಂದು, ಕೊನೆಗೊಂದು, ಮೂರು ಕಿಟಕಿ ತೆರೆದು ಒಟ್ಟಿಗೇ ಓಡಿಸಿದೆ:

```
ping -n 300 10.20.4.1
ping -n 300 198.51.100.9
ping -n 300 203.0.113.50
```

ಲಿನಕ್ಸಿನಲ್ಲಿ `-n` ಬದಲು `-c`. ಒಟ್ಟಿಗೇ ಅನ್ನುವುದು ಮುಖ್ಯ. ಒಂದರ ನಂತರ ಒಂದು ಓಡಿಸಿದರೆ ನಡುವೆ ಐದು ನಿಮಿಷದಲ್ಲಿ ಪರಿಸ್ಥಿತಿಯೇ ಬದಲಾಗಿರುತ್ತದೆ. ಮೂರನೇ ರೌಟರಿಗೆ ಕಡಿಮೆ 5, ಸರಾಸರಿ 7. ನಾಲ್ಕನೆಯದಕ್ಕೆ ಕಡಿಮೆ 16, ಸರಾಸರಿ 98, ಹೆಚ್ಚು 262. ಸರ್ವರಿಗೆ ಕಡಿಮೆ 23, ಸರಾಸರಿ 104, ಹೆಚ್ಚು 251, ಮುನ್ನೂರರಲ್ಲಿ ಆರು ಪ್ಯಾಕೆಟ್ ವಾಪಸ್ಸೇ ಬರಲಿಲ್ಲ.

ಇಲ್ಲಿ ಎಲ್ಲರೂ ಸರಾಸರಿ ನೋಡುತ್ತಾರೆ. ನಾನು ಮೊದಲು ಕಡಿಮೆಯ ಸಂಖ್ಯೆ ನೋಡುತ್ತೇನೆ. ಸಂಜೆಯಲ್ಲೂ ಒಂದೊಂದು ಪ್ಯಾಕೆಟ್ 23ರಲ್ಲೇ ಹೋಗಿ ಬಂದಿದೆ, ಅಂದರೆ ದಾರಿಯ ಉದ್ದ ಬದಲಾಗಿಲ್ಲ. ಅದೇ ದಾರಿ, ಆದರೆ ಎಲ್ಲೋ ಸಾಲು ನಿಂತಿದೆ. ಸಾಲಿನ ಗುಣವೇ ಹಾಗೆ, ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಆಗೊಮ್ಮೆ ಈಗೊಮ್ಮೆ ಖಾಲಿ. ಸಾಲು ತುಂಬಿದಾಗ ಹೊಸದಾಗಿ ಬಂದದ್ದನ್ನು ಬಿಸಾಕಬೇಕಾಗುತ್ತದೆ, ಆ ಆರು ಪ್ಯಾಕೆಟ್ ಹಾಗೇ ಹೋಗಿರಬೇಕು. ಮೀಟಿಂಗಿನಲ್ಲಿ ದನಿ ಕಡಿಯುವುದಕ್ಕೂ 100 ಅನ್ನುವ ಸರಾಸರಿಗಿಂತ ಈ 23ರಿಂದ 251ರ ಓಲಾಟವೇ ಜಾಸ್ತಿ ಕಾರಣ.

ಇದಕ್ಕೆ ಹೋಲಿಸಲು ಇನ್ನೊಂದು ದಿನದ್ದು ಹೇಳುತ್ತೇನೆ. ಒಮ್ಮೆ ಮಧ್ಯಾಹ್ನ ಸರ್ವರಿನ ಪಿಂಗ್ ಕಡಿಮೆ 70, ಹೆಚ್ಚು 73 ಬಂತು. ಸರಾಸರಿ ನೋಡಿದರೆ ಅದೂ ಕೆಟ್ಟದ್ದೇ. ಆದರೆ ಓಲಾಟವೇ ಇಲ್ಲ. ಇದು ಸಾಲಲ್ಲ, ದೂರ. ಪ್ಯಾಕೆಟ್ಟುಗಳು ಬೇರೆ ಉದ್ದನೆಯ ದಾರಿ ಹಿಡಿದಿವೆ. ಟ್ರೇಸ್ ಮಾಡಿದಾಗ ನಾಲ್ಕರಿಂದ ಮುಂದಿನ ವಿಳಾಸಗಳೂ ಬೇರೆಯಾಗಿದ್ದವು. ಸಂಜೆ ಹೊತ್ತಿಗೆ ಹಳೆಯ ದಾರಿಗೇ ಬಂತು. ಆವತ್ತು ಮೀಟಿಂಗಿನಲ್ಲಿ ದನಿ ಕಡಿಯಲಿಲ್ಲ, ಸ್ವಲ್ಪ ತಡವಾಗಿ ಬರುತ್ತಿತ್ತು ಅಷ್ಟೇ.

ದೂರದ ಲೆಕ್ಕಕ್ಕೆ ಒಂದು ಕೈಲೆಕ್ಕ ಇದೆ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ 100 ಕಿಲೋಮೀಟರಿಗೆ ಹೋಗಿ ಬರಲು 1 ಮಿಲಿಸೆಕೆಂಡ್. ಬಾಗಲಕೋಟೆಯಿಂದ ಮುಂಬೈ ಕಾಗೆ ಹಾರುವ ದಾರಿಯಲ್ಲಿ 400 ಕಿಲೋಮೀಟರ್ ಮೇಲೆ, 5 ಮಿಲಿಸೆಕೆಂಡಿನಲ್ಲಿ ಮುಗಿಯಬೇಕು ಅನ್ನಿಸುತ್ತೆ ಅಲ್ವಾ? ನನಗೆ ಬರುವುದು 24. ಫೈಬರ್ ಕಾಗೆಯ ಹಾಗೆ ಹಾರಲ್ಲ, ಮೊದಲು ಬೆಂಗಳೂರಿಗೆ ಹೋಗಿ ಅಲ್ಲಿಂದ ಮುಂಬೈಗೆ ಹೋದರೂ ಹೋಗಬಹುದು. ಹಾಗಾಗಿ 24 ಅನ್ನೋದು ನನಗೆ ದೋಷವಲ್ಲ. ನಿಮ್ಮ ಮನೆಯ ಒಳ್ಳೆಯ ಸಂಖ್ಯೆ ಎಷ್ಟು ಅಂತ ನೆಟ್ ಚೆನ್ನಾಗಿರುವ ದಿನವೇ ಬರೆದಿಟ್ಟುಕೊಳ್ಳಿ. ನನ್ನ ಬಳಿ ಬೆಳಗಿನ ಟ್ರೇಸ್ ಇಲ್ಲದೇ ಇದ್ದಿದ್ದರೆ ಸಂಜೆಯ ಟ್ರೇಸಿನಲ್ಲಿ ಐದನೇ ಸಾಲಿನ ಮೇಲೇ ಕಣ್ಣು ಹೋಗುತ್ತಿತ್ತು.

ಮೂರು ಮತ್ತು ನಾಲ್ಕರ ನಡುವೆ, ಆದರೆ ಯಾವ ಕಡೆಗೆ?

ಇಲ್ಲಿ ಗುಮ್ಮಟದ ಮಾತು ಮತ್ತೆ. ನಾಲ್ಕನೇ ಸಾಲಿನ 98ರಲ್ಲಿ ಹೋಗುವ ದಾರಿಯೂ ಇದೆ, ಬರುವ ದಾರಿಯೂ ಇದೆ. ಸಾಲು ನಿಂತಿರುವುದು ಮೂರರಿಂದ ನಾಲ್ಕಕ್ಕೆ ಹೋಗುವಾಗಲೋ, ನಾಲ್ಕರಿಂದ ಮೂರಕ್ಕೆ ಬರುವಾಗಲೋ? ಎರಡರಲ್ಲೂ ಟ್ರೇಸ್ ಒಂದೇ ಥರ ಕಾಣುತ್ತದೆ. ಅದಕ್ಕಿಂತ ಕಷ್ಟದ್ದು ಅಂದರೆ, ನಾಲ್ಕರ ಉತ್ತರ ನನ್ನ ಪ್ಯಾಕೆಟ್ ಹೋದ ದಾರಿಯಲ್ಲೇ ತಿರುಗಿ ಬರಬೇಕು ಅಂತ ಎಲ್ಲೂ ಬರೆದಿಲ್ಲ. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು, ಇಂಟರ್ನೆಟ್ಟಿನಲ್ಲಿ ಇದು ದಿನನಿತ್ಯದ್ದು.

ಇದನ್ನು ಬಿಡಿಸಲು ಆಚೆ ಕಡೆಯಿಂದಲೂ ಟ್ರೇಸ್ ಬೇಕು. ಪುಣೆಯ ಸಹೋದ್ಯೋಗಿಯೊಬ್ಬರು ಸರ್ವರಿನಿಂದ ನನ್ನ ಹೊರ ವಿಳಾಸಕ್ಕೆ ಟ್ರೇಸ್ ಮಾಡಿಕೊಟ್ಟರು. ಅದು ನನ್ನ ಮನೆಯವರೆಗೆ ಬರುವುದಿಲ್ಲ, ಹೊರ ವಿಳಾಸವನ್ನು ನೂರಾರು ಮನೆಗಳು ಹಂಚಿಕೊಂಡಿರುವುದರಿಂದ ಲೈನ್ ಕೊಟ್ಟವರ ಬಾಗಿಲಲ್ಲೇ ನಿಂತುಬಿಡುತ್ತದೆ. ಆದರೂ ಒಂದು ವಿಷಯ ತಿಳಿಯಿತು: ಅವರ ಕಡೆಯಿಂದ 198.51.100ರ ಜಾಲದವರೆಗೂ ಸಂಜೆಯಲ್ಲೂ 8ರೊಳಗೆ ಬರುತ್ತಿತ್ತು, ಅದನ್ನು ದಾಟಿ ನಮ್ಮ ಕಡೆಯ ಬಾಗಿಲಿಗೆ ಬರುವಲ್ಲಿ 90ರ ಮೇಲೆ ಏರುತ್ತಿತ್ತು. ಎರಡೂ ಕಡೆಯಿಂದ ಬೆರಳು ಒಂದೇ ಜಾಗಕ್ಕೆ ಹೋಯಿತು.

ಕಡೆಗೆ ಇನ್ನೊಂದು ಪರೀಕ್ಷೆ ಮಾಡಿದೆ. ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸರ್ವರ್ ಲೈನ್ ಕೊಟ್ಟವರದ್ದೂ ಒಂದಿರುತ್ತದೆ. ಅದರ ವಿಳಾಸ ನನಗೆ `ipconfig /all`ನಲ್ಲಿ ಸಿಕ್ಕಿತು, ಅಲ್ಲಿ ಮನೆಯ ರೌಟರಿನ ವಿಳಾಸವೇ ಕಂಡರೆ ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ನೋಡಿ. ಅದಕ್ಕೆ ಟ್ರೇಸ್ ಮಾಡಿದರೆ ಮೂರನೇ ರೌಟರಿನ ತನಕ ಹೋಗಿ ಊರೊಳಗೇ ಮುಗಿಯಿತು, ನಾಲ್ಕನೆಯದನ್ನು ಮುಟ್ಟಲೇ ಇಲ್ಲ. ಸಂಜೆ ಅದಕ್ಕೆ 300 ಪಿಂಗ್ ಹೊಡೆದೆ, ಸರಾಸರಿ 7. ನಾಲ್ಕನ್ನು ದಾಟದ ದಾರಿಯಲ್ಲಿ ತಡ ಇಲ್ಲ, ದಾಟುವ ದಾರಿಯಲ್ಲೆಲ್ಲ ಇದೆ.

ದಿಕ್ಕಿನ ಬಗ್ಗೆ ನನ್ನ ಊಹೆ ಬರುವ ಕಡೆಯದ್ದು. ರಾತ್ರಿ ಎಂಟರಿಂದ ಹತ್ತೂವರೆ ಅಂದರೆ ಊರಿಗೆ ಊರೇ ವಿಡಿಯೋ ನೋಡುವ ಹೊತ್ತು, ಎಲ್ಲವೂ ಹೊರಗಿನಿಂದ ಊರಿಗೆ ಬರುವಂಥದ್ದು. ಊಹೆ ಅಂತಲೇ ಬರೆದೆ, ಸಾಕ್ಷಿ ಅಂತ ಬರೆಯಲಿಲ್ಲ.

ವಿಜಯಪುರದ ಗೆಳೆಯನ ಟ್ರೇಸ್, ಮತ್ತು ಸುರಂಗ

ಇದನ್ನು ಕೇಳಿದ ಗೆಳೆಯನೊಬ್ಬ ತನ್ನದನ್ನೂ ಕಳಿಸಿದ. ಸಿಂಗಾಪುರದ ಒಂದು ಸರ್ವರಿಗೆ. ಮೂರನೇ ಸಾಲು 8, ನಾಲ್ಕರಿಂದ ಎಂಟರವರೆಗೆ ಎಲ್ಲವೂ 66ರಿಂದ 68, ಕೊನೆಯದು 68. "ತಡ ನಾಲ್ಕರಲ್ಲಿದೆ, ಕೊನೆಯವರೆಗೂ ಉಳಿದಿದೆ, ನೀನು ಹೇಳಿದ ಲೆಕ್ಕವೇ ಅಲ್ವಾ?" ಅಂದ. ನಾಲ್ಕನೆಯದರ ಹೆಸರಿನಲ್ಲಿ `blr` ಅಂತ ಬೇರೆ ಇತ್ತು, ಬೆಂಗಳೂರಿಗೇ 66 ಅಂದರೆ ತೊಂದರೆ ಅಲ್ಲೇ ಅನ್ನುವುದು ಅವನ ವಾದ.

ವಾದ ಚೆನ್ನಾಗಿದೆ, ಆದರೆ ದೊಡ್ಡ ಜಾಲಗಳಲ್ಲಿ ಎಂಪಿಎಲ್‌ಎಸ್ ಅನ್ನೋ ಸುರಂಗಗಳಿರುತ್ತವೆ. ಸುರಂಗದೊಳಗಿನ ರೌಟರಿಗೆ ನಿಮ್ಮ ಮನೆಗೆ ತಿರುಗಿ ಬರುವ ದಾರಿ ಗೊತ್ತಿರದೇ ಇರಬಹುದು. ಹಾಗಾಗಿ ಅದು ಬರೆದ ಚೀಟಿಯನ್ನು ಸುರಂಗದ ಆಚೆ ತುದಿಯವರೆಗೆ ಕಳಿಸುತ್ತದೆ, ಅಲ್ಲಿಂದ ಚೀಟಿ ತಿರುಗಿ ಬರುತ್ತದೆ. ಬೀಳಗಿ ಕ್ರಾಸಿನಿಂದ ವಾಪಸ್ ಬಾ ಅಂದರೆ, ಹುಡುಗ ಅದೇ ಬಸ್ಸಿನಲ್ಲಿ ಹುಬ್ಬಳ್ಳಿಗೇ ಹೋಗಿ ಅಲ್ಲಿಂದ ತಿರುಗಿದ ಹಾಗೆ. ಆಗ ಸುರಂಗದೊಳಗಿನ ಎಲ್ಲ ಸಾಲುಗಳೂ ಆಚೆ ತುದಿಯ ಸಮಯವನ್ನೇ ತೋರಿಸುತ್ತವೆ. ನಾಲ್ಕೈದು ಸಾಲು ಒಂದೇ ಸಂಖ್ಯೆಯಲ್ಲಿ ಸಾಲಾಗಿ ಕೂತಿವೆ ಅಂದರೆ ಮೊದಲು ಇದನ್ನು ಅನುಮಾನಿಸಿ. ಲಿನಕ್ಸಿನ ಟ್ರೇಸ್‌ರೂಟಿಗೆ `-e` ಹಾಕಿದರೆ ಕೆಲವು ರೌಟರುಗಳು `MPLS` ಅಂತ ಗುರುತನ್ನೂ ಕೊಡುತ್ತವೆ. ವಿಜಯಪುರದಿಂದ ಸಿಂಗಾಪುರಕ್ಕೆ ಸಮುದ್ರದ ಕೇಬಲ್ ದಾಟಿ 68 ಅನ್ನುವುದು ತಡವೇ ಅಲ್ಲ, ಅಲ್ಲಿ ಹುಡುಕಲು ದೋಷವೇ ಇರಲಿಲ್ಲ. ಹೆಸರಿನೊಳಗಿನ `blr`, `bom`ನಂಥ ಊರಿನ ಗುರುತುಗಳನ್ನೂ ಪೂರ್ತಿ ನಂಬಬೇಡಿ, ರೌಟರ್ ಜಾಗ ಬದಲಿಸಿದರೂ ಹೆಸರು ಬದಲಿಸಲು ಮರೆಯುವವರಿದ್ದಾರೆ.

ದೂರು ಬರೆದದ್ದು

ಕೆಂಪು ಗೆರೆಯ ಫೋಟೋ ಈ ಸಲ ಕಳಿಸಲಿಲ್ಲ. ಐದು ಸಂಜೆ, ಐದು ಬೆಳಗ್ಗೆ ಅದೇ ಮೂರು ಪಿಂಗ್ ಓಡಿಸಿ ಗಂಟೆ ಸಮೇತ ಬರೆದಿಟ್ಟೆ. ಕೇಬಲ್‌ನಲ್ಲಿ ಅಳೆದಿದ್ದೇನೆ, ಮನೆಯಲ್ಲಿ ಬೇರೇನೂ ಓಡುತ್ತಿರಲಿಲ್ಲ ಅಂತ ಮೊದಲೇ ಹೇಳಿದೆ, ಇಲ್ಲದಿದ್ದರೆ ಮೊದಲ ಪ್ರಶ್ನೆಯೇ ಅದು. ಆಮೇಲೆ ಇಷ್ಟು:

"ಬೆಳಗ್ಗೆ 7ಕ್ಕೆ 10.20.4.1ಗೆ 6, 198.51.100.9ಗೆ 17, ಸರ್ವರಿಗೆ 24. ರಾತ್ರಿ 8:30ಕ್ಕೆ ಕ್ರಮವಾಗಿ 7, 98, 104, ಸರ್ವರಿಗೆ 300ರಲ್ಲಿ 6 ನಷ್ಟ. ಕಡಿಮೆಯ ಸಂಖ್ಯೆ ಬದಲಾಗಿಲ್ಲ, ಆದ್ದರಿಂದ ದಾರಿ ಅದೇ ಇದೆ. ನಿಮ್ಮ ಡಿಎನ್‌ಎಸ್‌ಗೆ ರಾತ್ರಿಯೂ 7. ಹೊರಗಿನಿಂದ ಮಾಡಿದ ಟ್ರೇಸ್ ಜೊತೆಗಿದೆ. ಈ ಎರಡು ರೌಟರುಗಳ ನಡುವಿನ ಲಿಂಕ್ ರಾತ್ರಿ ಎಂಟರಿಂದ ಹತ್ತೂವರೆ ಎಷ್ಟು ತುಂಬಿರುತ್ತದೆ, ಎರಡೂ ದಿಕ್ಕಿನಲ್ಲಿ ನೋಡಿ ಹೇಳುವಿರಾ?"

ಮೊದಲ ಮೂರು ದಿನ ಉತ್ತರ ಇಲ್ಲ. ನಾಲ್ಕನೇ ದಿನ ಅದೇ ಹುಡುಗ ಫೋನ್ ಮಾಡಿದ. "ಸರ, ಮ್ಯಾಲಿನವ್ರು ಗ್ರಾಫ್ ನೋಡಿದ್ರಂತ್ರಿ. ಊರಿಗಿ ಬರೋ ಕಡೆ ರಾತ್ರಿ ಫುಲ್ ಇರತೈತಂತ. ಹೋಗೋ ಕಡೆ ಅರ್ಧಾನೂ ಇಲ್ಲಂತ." ನಾಲ್ಕನೇ ರೌಟರಿಗೆ ಹೋಗುವ ದಾರಿ ಖಾಲಿಯೇ ಇತ್ತು, ನಾಲ್ಕರಿಂದ ನಮ್ಮ ಕಡೆಗೆ ಬರುವ ಬಾಗಿಲಲ್ಲಿ ಸಾಲು ನಿಂತಿತ್ತು.

ಲಿಂಕ್ ದೊಡ್ಡದು ಮಾಡಲು ಇನ್ನೂ ಎರಡು ವಾರ ಹಿಡಿಯಿತು. ಅದಾದ ಮೇಲಿನ ಮೊದಲ ಸಂಜೆ ಮತ್ತೆ ಮೂರು ಕಿಟಕಿ ತೆರೆದೆ. ಸರ್ವರಿಗೆ ಕಡಿಮೆ 23, ಸರಾಸರಿ 26, ಹೆಚ್ಚು 41, ನಷ್ಟ ಸೊನ್ನೆ. ಐದನೇ ಸಾಲು ಆಗಲೂ 197 ತೋರಿಸುತ್ತಿತ್ತು.